ಪ್ರನಾಳದಲ್ಲಿ ಹಿಡಿದ ಅನಿಲ ಯಾವುದು? ಸಂಗ್ರಹದ ವಿಧಾನವನ್ನೂ ಪರೀಕ್ಷೆಯನ್ನೂ ಆರಿಸಿಕೊಳ್ಳುವ ಬಗೆ

ಜಲಜನಕಕ್ಕೆ ಉರಿಯುವ ಕಡ್ಡಿ, ಆಮ್ಲಜನಕಕ್ಕೆ ಕೆಂಡದ ಕಡ್ಡಿ, ಇಂಗಾಲದ ಡೈಆಕ್ಸೈಡಿಗೆ ಸುಣ್ಣದ ತಿಳಿನೀರು, ಅಮೋನಿಯಾಕ್ಕೆ ಒದ್ದೆ ಮಾಡಿದ ಕೆಂಪು ಲಿಟ್ಮಸ್. ಈ ನಾಲ್ಕು ಪರೀಕ್ಷೆಗಳು ಪ್ರೌಢಶಾಲೆಯ ಮಕ್ಕಳಿಗೆ ಬಾಯಿಪಾಠವಾಗಿರುತ್ತವೆ. ಆದರೂ ಬೆಂಗಳೂರಿನ ಶಾಲಾ ಪ್ರಯೋಗಾಲಯಗಳಲ್ಲಿ ಹಲವು ವರ್ಷ ಈ ಪ್ರಯೋಗಗಳನ್ನು ಮಾಡಿಸಿದ ಮೇಲೆ ನನಗೆ ಮನವರಿಕೆಯಾಗಿರುವ ಸಂಗತಿಯೆಂದರೆ, ತಪ್ಪು ಉತ್ತರ ಬರುವುದು ಹೆಚ್ಚಾಗಿ ಪರೀಕ್ಷೆಯಲ್ಲಿ ಅಲ್ಲ, ಅದಕ್ಕೂ ಮೊದಲು ಅನಿಲವನ್ನು ಹಿಡಿಯುವ ಹಂತದಲ್ಲಿ. ಪ್ರನಾಳದಲ್ಲಿ ಅರ್ಧಕ್ಕರ್ಧ ಗಾಳಿಯೇ ತುಂಬಿಕೊಂಡಿದ್ದರೆ ಯಾವ ಕಡ್ಡಿಯೂ ಸರಿಯಾದ ಉತ್ತರ ಕೊಡಲಾರದು. ಆದ್ದರಿಂದ ಮೊದಲು ಸಂಗ್ರಹದ ವಿಧಾನಗಳನ್ನು ಹೋಲಿಸಿ, ಆನಂತರ ಪರೀಕ್ಷೆಗಳಿಗೆ ಬರುತ್ತೇನೆ.

ನೀರಿನ ಮೇಲೋ, ಗಾಳಿಯನ್ನು ತಳ್ಳಿಯೋ?

ಆಯ್ಕೆಗಳು ಮೂರು. ನೀರು ತುಂಬಿದ ಪ್ರನಾಳವನ್ನು ನೀರಿನ ಬೋಗುಣಿಯಲ್ಲಿ ತಲೆಕೆಳಗಾಗಿ ನಿಲ್ಲಿಸಿ, ಅದರೊಳಕ್ಕೆ ಅನಿಲದ ಗುಳ್ಳೆಗಳನ್ನು ಬಿಟ್ಟು ನೀರನ್ನು ಕೆಳಕ್ಕೆ ತಳ್ಳಿಸುವುದು ಒಂದು. ಗಾಳಿಗಿಂತ ಭಾರವಾದ ಅನಿಲವನ್ನು, ಬಾಯಿ ಮೇಲಾಗಿ ನಿಲ್ಲಿಸಿದ ಒಣ ಪ್ರನಾಳದ ತಳಕ್ಕೆ ಬಿಟ್ಟು ಗಾಳಿಯನ್ನು ಮೇಲಕ್ಕೆ ದೂಡಿಸುವುದು ಎರಡನೆಯದು. ಹಗುರವಾದ ಅನಿಲವನ್ನು, ಬಾಯಿ ಕೆಳಗಾಗಿ ಹಿಡಿದ ಒಣ ಪ್ರನಾಳದ ಮೇಲ್ತುದಿಯವರೆಗೆ ನಳಿಕೆ ಏರಿಸಿ ಬಿಡುವುದು ಮೂರನೆಯದು.

ಯಾವುದನ್ನು ಆರಿಸಬೇಕೆಂಬುದನ್ನು ಎರಡೇ ಪ್ರಶ್ನೆಗಳು ತೀರ್ಮಾನಿಸುತ್ತವೆ. ಅನಿಲವು ನೀರಿನಲ್ಲಿ ಎಷ್ಟು ಕರಗುತ್ತದೆ? ಗಾಳಿಗೆ ಹೋಲಿಸಿದರೆ ಅದರ ತೂಕವೆಷ್ಟು? ತೂಕವನ್ನು ಅಣುರಾಶಿಯಿಂದ ಅಂದಾಜಿಸಬಹುದು. ಗಾಳಿಯ ಸರಾಸರಿ ಸುಮಾರು 29 ಆಗಿದ್ದರೆ ಜಲಜನಕದ್ದು 2, ಅಮೋನಿಯಾದ್ದು 17, ಆಮ್ಲಜನಕದ್ದು 32, ಇಂಗಾಲದ ಡೈಆಕ್ಸೈಡಿನದು 44.

ಇಲ್ಲಿ ಆಮ್ಲಜನಕದ ಸಂಖ್ಯೆಯನ್ನು ಗಮನಿಸಿ. 32 ಎಂಬುದು 29ಕ್ಕಿಂತ ಹೆಚ್ಚೇನೋ ಹೌದು, ಆದರೆ ಆ ಅಲ್ಪ ವ್ಯತ್ಯಾಸದ ಬಲದಿಂದ ಗಾಳಿಯನ್ನು ಅಚ್ಚುಕಟ್ಟಾಗಿ ಹೊರದೂಡಲು ಆಗುವುದಿಲ್ಲ; ಎರಡೂ ಬೆರೆತುಹೋಗುತ್ತವೆ. ಗಾಳಿಗಿಂತ ಭಾರವಾದದ್ದೆಂಬ ಒಂದೇ ಕಾರಣಕ್ಕೆ ಆಮ್ಲಜನಕವನ್ನು ಒಣ ಪ್ರನಾಳಕ್ಕೆ ಬಿಟ್ಟವರಿಗೆ ಕೆಂಡ ತುಸು ಹೊಳೆಯುವುದಷ್ಟೇ ಕಾಣುತ್ತದೆ, ಜ್ವಾಲೆ ಏಳುವುದಿಲ್ಲ. ಒಂದು ಲೀಟರ್ ನೀರಿನಲ್ಲಿ ಕರಗುವ ಆಮ್ಲಜನಕವು ಸುಮಾರು 30 ಮಿಲಿಲೀಟರ್ ಮಾತ್ರ. ಆದ್ದರಿಂದ ಆಮ್ಲಜನಕಕ್ಕೆ ನೀರಿನ ಮೇಲಿನ ಸಂಗ್ರಹವೇ ಸರಿ, ಅದರಲ್ಲಿ ನನಗೆ ಎರಡು ಮಾತಿಲ್ಲ.

ಜಲಜನಕವನ್ನು ತಲೆಕೆಳಗಾದ ಒಣ ಪ್ರನಾಳದಲ್ಲಿ ಹಿಡಿಯಲು ಧಾರಾಳವಾಗಿ ಸಾಧ್ಯವಿದೆ, ಏಕೆಂದರೆ ಅದು ಅಷ್ಟು ಹಗುರ. ಆದರೂ ನಾನು ನೀರನ್ನೇ ಆರಿಸುತ್ತೇನೆ. ಗಾಳಿಯಲ್ಲಿ ಜಲಜನಕದ ಪ್ರಮಾಣ ಶೇಕಡಾ 4ರಿಂದ 75ರವರೆಗೆ ಇರುವ ಯಾವ ಮಿಶ್ರಣವಾದರೂ ಕಿಡಿ ತಾಗಿದರೆ ಸಿಡಿಯಬಲ್ಲದು. ಒಣ ಪ್ರನಾಳದಲ್ಲಿ ಎಷ್ಟು ತುಂಬಿತು, ಎಷ್ಟು ಗಾಳಿ ಉಳಿಯಿತು ಎಂಬುದು ಕಣ್ಣಿಗೆ ಕಾಣುವುದಿಲ್ಲ. ನೀರಿನ ಮೇಲೆ ಹಿಡಿದರೆ ಮಟ್ಟ ಇಳಿಯುವುದು ಕಾಣುತ್ತದೆ, ಎಷ್ಟನೆಯ ಪ್ರನಾಳ ತುಂಬಿತೆಂದು ಎಣಿಸಲು ಬರುತ್ತದೆ.

ಇಂಗಾಲದ ಡೈಆಕ್ಸೈಡಿನ ವಿಷಯದಲ್ಲಿ ಮಾತ್ರ ನಿಜವಾಗಿಯೂ ಯೋಚಿಸಿ ಆರಿಸಬೇಕಾಗುತ್ತದೆ. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ನೀರು ತನ್ನ ಗಾತ್ರದ ಮುಕ್ಕಾಲು ಪಾಲಿಗಿಂತ ಹೆಚ್ಚು ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಳ್ಳಬಲ್ಲದು. ಸಂಖ್ಯೆ ಕೇಳಿ ಗಾಬರಿಯಾಗಬೇಕಿಲ್ಲ, ಏಕೆಂದರೆ ಕರಗಲು ಸಮಯ ಬೇಕು. ಬೇಗಬೇಗ ಏಳುವ ಗುಳ್ಳೆಗಳು ಅಷ್ಟು ಹೊತ್ತು ನೀರಿನಲ್ಲಿ ಇರುವುದಿಲ್ಲ. ಒಂದು ಗ್ರಾಂ ಅಡುಗೆ ಸೋಡಾಕ್ಕೆ 20 ಮಿಲಿಲೀಟರ್ ವಿನೆಗರ್ ಹಾಕಿದರೆ ನಮ್ಮ ಊರಿನ ಗಾಳಿಯೊತ್ತಡದಲ್ಲಿ 300 ಮಿಲಿಲೀಟರಿಗಿಂತ ತುಸು ಹೆಚ್ಚು ಅನಿಲ ಹುಟ್ಟುತ್ತದೆ, ಅದರಲ್ಲಿ ಒಂದಷ್ಟು ನೀರಿಗೆ ಹೋದರೂ ಪರೀಕ್ಷೆಗೆ ಬೇಕಾದಷ್ಟು ಉಳಿಯುತ್ತದೆ. ಗಾಳಿ ಬೆರೆಯದ ಅನಿಲ ಬೇಕಿದ್ದರೆ, ಇಲ್ಲವೇ ಎಷ್ಟು ಹುಟ್ಟಿತೆಂದು ಸ್ಥೂಲವಾಗಿ ನೋಡಬೇಕಿದ್ದರೆ ನೀರಿನ ಮೇಲೆ ಹಿಡಿಯಿರಿ. ಒಣ ಅನಿಲ ಬೇಕಿದ್ದರೆ ಬಾಯಿ ಮೇಲಾದ ಪ್ರನಾಳವನ್ನು ಬಳಸಿ, ಬಾಯಿಯ ಹತ್ತಿರ ಹಿಡಿದ ಉರಿಯುವ ಕಡ್ಡಿ ಆರಿದಾಗ ಅದು ತುಂಬಿತೆಂದು ತಿಳಿಯಿರಿ. ಕೇವಲ ಗುರುತಿಸುವುದಷ್ಟೇ ಉದ್ದೇಶವಾಗಿದ್ದರೆ ಸಂಗ್ರಹವೇ ಬೇಡ, ನಳಿಕೆಯ ತುದಿಯನ್ನು ನೇರವಾಗಿ ತಿಳಿನೀರಿನಲ್ಲಿ ಅದ್ದಿದರೆ ಸಾಕು.

ಅಮೋನಿಯಾಕ್ಕೆ ಆಯ್ಕೆಯೇ ಇಲ್ಲ. 20 ಡಿಗ್ರಿಯಲ್ಲಿ ಒಂದು ಅಳತೆ ನೀರು ಸುಮಾರು 700 ಅಳತೆ ಅಮೋನಿಯಾವನ್ನು ಹೀರಿಕೊಳ್ಳುತ್ತದೆ. ಹದಿನೆಂಟನೆಯ ಶತಮಾನದಲ್ಲಿ ಜೋಸೆಫ್ ಪ್ರೀಸ್ಟ್ಲಿ ಈ ಅನಿಲವನ್ನು ಹಿಡಿಯಲು ಶಕ್ತನಾದದ್ದೇ ಬೋಗುಣಿಯಲ್ಲಿ ನೀರಿನ ಬದಲು ಪಾದರಸ ತುಂಬಿದ್ದರಿಂದ. ಪಾದರಸವನ್ನು ಶಾಲೆಯ ಹತ್ತಿರವೂ ತರಬಾರದು, ನಮಗೆ ತಲೆಕೆಳಗಾದ ಒಣ ಪ್ರನಾಳವೇ ಸಾಕು. ಆದರೆ ಅದು ನಿಜವಾಗಿಯೂ ಒಣಗಿರಬೇಕು. ತೊಳೆದು ಹಾಗೆಯೇ ತಂದ ಪ್ರನಾಳದ ಗೋಡೆಗೆ ಅಂಟಿದ ನಾಲ್ಕು ಹನಿ ನೀರೇ ಅನಿಲವನ್ನೆಲ್ಲ ನುಂಗಿಬಿಡುತ್ತದೆ.

ಒಂದು ಶಾಲೆಯಲ್ಲಿ, ನಾನು ಪಕ್ಕದ ಮೇಜಿನ ಕಡೆ ತಿರುಗಿದ್ದ ಹೊತ್ತಿಗೆ, ಗುಂಪೊಂದು ಅಮೋನಿಯಾದ ನಳಿಕೆಯನ್ನು ನೀರಿನ ಬೋಗುಣಿಗೆ ಇಳಿಸಿತು. ಮೊದಲು ಒಳಗಿದ್ದ ಗಾಳಿಯ ಗುಳ್ಳೆಗಳು ಬಂದವು. ಆಮೇಲೆ ಗುಳ್ಳೆ ನಿಂತಿತು, ನಳಿಕೆಯಲ್ಲಿ ನೀರು ಒಂದು ಕ್ಷಣ ನಡುಗಿತು, ನೋಡನೋಡುತ್ತಿದ್ದಂತೆ ಬಾಗುವಿನವರೆಗೆ ಏರಿ ಕಾದ ಪ್ರನಾಳದೊಳಕ್ಕೆ ನುಗ್ಗಿ ಗಾಜನ್ನು ಉದ್ದಕ್ಕೂ ಸೀಳಿತು. ಯಾರಿಗೂ ಗಾಯವಾಗಲಿಲ್ಲ. ಅಂದಿನಿಂದ ಕಾಯಿಸುವ ಪ್ರಯೋಗದಲ್ಲಿ ನಳಿಕೆಯನ್ನು ನೀರಿನಿಂದ ಮೇಲೆತ್ತಿದ ಬಳಿಕವೇ ಉರಿಯನ್ನು ತೆಗೆಯಬೇಕೆಂಬುದನ್ನು, ಅನಿಲ ಯಾವುದೇ ಇರಲಿ, ಪಾಠದ ಮೊದಲ ಮಾತಾಗಿ ಹೇಳುತ್ತೇನೆ.

ಅನಿಲ ಹುಟ್ಟುವ ಪಾತ್ರೆಯ ಗಾತ್ರ

ಸಂಗ್ರಹದ ಬಗ್ಗೆ ಮಾತನಾಡುವಾಗ ಯಾರೂ ಅಷ್ಟಾಗಿ ಗಮನಿಸದ ವಿಷಯ ಇದು. ಪ್ರಯೋಗಾಲಯದ ಕಪಾಟಿನಲ್ಲಿ ಕೈಗೆ ಸಿಕ್ಕುವುದು 250 ಮಿಲಿಲೀಟರಿನ ಶಂಕುವಿನಾಕಾರದ ಫ್ಲಾಸ್ಕ್. ಅದರೊಳಗೆ 30 ಮಿಲಿಲೀಟರ್ ಆಮ್ಲ ಹಾಕಿದರೆ ಉಳಿದ 200ಕ್ಕೂ ಹೆಚ್ಚು ಮಿಲಿಲೀಟರ್ ಜಾಗದಲ್ಲಿ ಗಾಳಿ ಕುಳಿತಿರುತ್ತದೆ, ಮೊದಲು ಹೊರಬರುವುದು ಆ ಗಾಳಿಯೇ.

ಅರ್ಧ ಗ್ರಾಂ ಸತುವನ್ನು ತೆಗೆದುಕೊಳ್ಳೋಣ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಗಾಳಿಯೊತ್ತಡ ಕಡಿಮೆ. ಹೀಗಾಗಿ ಪುಸ್ತಕಗಳು ಕೋಣೆಯ ಉಷ್ಣತೆಗೆ ಹೇಳುವ 24 ಲೀಟರಿನ ಬದಲು ಇಲ್ಲಿ ಒಂದು ಮೋಲ್ ಅನಿಲವು ಸುಮಾರು 27 ಲೀಟರ್ ಜಾಗ ಹಿಡಿಯುತ್ತದೆ. ಆ ಲೆಕ್ಕದಂತೆ ಅರ್ಧ ಗ್ರಾಂ ಸತು ಸುಮಾರು 200 ಮಿಲಿಲೀಟರ್ ಜಲಜನಕ ಕೊಡುತ್ತದೆ. ದೊಡ್ಡ ಫ್ಲಾಸ್ಕಿನಲ್ಲಿ ಇಷ್ಟು ಅನಿಲ ಹುಟ್ಟಿದರೂ ಒಳಗಿನ ಗಾಳಿ ಪೂರ್ತಿ ಹೊರಹೋಗಿರುವುದಿಲ್ಲ, ಅಂದರೆ ಕೊನೆಯ ಪ್ರನಾಳದಲ್ಲಿಯೂ ಮಿಶ್ರಣವೇ ಇರುತ್ತದೆ.

ಅದೇ ಸತುವನ್ನು 55 ಮಿಲಿಲೀಟರ್ ಹಿಡಿಯುವ ಅಗಲ ಪ್ರನಾಳದಲ್ಲಿ, 2 ಮೋಲಾರ್ ಸಾಮರ್ಥ್ಯದ 10 ಮಿಲಿಲೀಟರ್ ಹೈಡ್ರೋಕ್ಲೋರಿಕ್ ಆಮ್ಲದೊಂದಿಗೆ ಇಟ್ಟರೆ ಗಾಳಿಗೆ ಉಳಿಯುವ ಜಾಗ 45 ಮಿಲಿಲೀಟರ್ ಮಾತ್ರ. ಹೊಸ ಅನಿಲವು ಒಳಗಿನ ಗಾಳಿಯೊಂದಿಗೆ ಪೂರ್ತಿ ಬೆರೆಯುತ್ತಾ ಹೊರಬರುತ್ತದೆಂದು ಭಾವಿಸಿ ಲೆಕ್ಕ ಹಾಕಿದರೆ, 20 ಮಿಲಿಲೀಟರ್ ಹಿಡಿಯುವ ಸಂಗ್ರಹದ ಪ್ರನಾಳಗಳಲ್ಲಿ ಮೊದಲನೆಯದರಲ್ಲಿ ಸುಮಾರು ಐದನೆಯ ಒಂದು ಭಾಗ, ಎರಡನೆಯದರಲ್ಲಿ ಸುಮಾರು ಅರ್ಧ, ನಾಲ್ಕನೆಯದರಲ್ಲಿ ಮುಕ್ಕಾಲಿಗಿಂತ ಹೆಚ್ಚು ಜಲಜನಕ ಇರುತ್ತದೆ. ಕಿವಿಗೆ ಕೇಳಿಸುವ ಸದ್ದೂ ಹೀಗೆಯೇ ಬದಲಾಗುತ್ತದೆ. ಎರಡನೆಯದು ಚುರುಕಾಗಿ ಸಿಡಿಯುತ್ತದೆ. ಐದನೆಯದಕ್ಕೆ ಬಂದಾಗ ಬಾಯಿಯ ಬಳಿ ಮೆತ್ತಗೆ 'ಪಟ್' ಎಂದು, ಆಮೇಲೆ ಕಂಡೂ ಕಾಣದ ಜ್ವಾಲೆಯೊಂದು ಸದ್ದಿಲ್ಲದೆ ಒಳಕ್ಕೆ ಇಳಿಯುತ್ತದೆ. ಜೋರು ಸದ್ದು ಬಂದಷ್ಟೂ ಜಲಜನಕ ಶುದ್ಧವೆಂದು ಮಕ್ಕಳು ಭಾವಿಸುತ್ತಾರೆ, ವಾಸ್ತವ ಅದಕ್ಕೆ ತದ್ವಿರುದ್ಧ.

ಕಡ್ಡಿ ಹಚ್ಚುವುದು ಬಾಯಿ ಮುಚ್ಚಿ ದೂರಕ್ಕೆ ಒಯ್ದ ಸಣ್ಣ ಪ್ರನಾಳಕ್ಕೆ ಮಾತ್ರ. ಆಮ್ಲವಿರುವ ಪ್ರನಾಳದ ನಳಿಕೆಯ ಬಾಯಿಗೆ ಉರಿ ತಾಗಿಸಿದರೆ ಜ್ವಾಲೆ ಒಳಕ್ಕೆ ಓಡಿ ಇಡೀ ಪಾತ್ರೆ ಆಮ್ಲದ ಸಮೇತ ಸಿಡಿಯುತ್ತದೆ.

ಪರೀಕ್ಷೆಗಳಲ್ಲಿ ಯಾವುದು ಎಷ್ಟು ನಂಬಿಕೆಗೆ ಅರ್ಹ

ನಾಲ್ಕರಲ್ಲಿ ಅತ್ಯಂತ ಖಚಿತವಾದದ್ದು ಅಮೋನಿಯಾದ ಪರೀಕ್ಷೆ. ಶಾಲೆಯಲ್ಲಿ ಎದುರಾಗುವ ಅನಿಲಗಳಲ್ಲಿ ಪ್ರತ್ಯಾಮ್ಲೀಯವಾದದ್ದು ಅದೊಂದೇ, ಆದ್ದರಿಂದ ಒದ್ದೆಯಾದ ಕೆಂಪು ಲಿಟ್ಮಸ್ ನೀಲಿಯಾದರೆ ಬೇರೆ ಯಾವುದನ್ನೂ ಶಂಕಿಸಬೇಕಿಲ್ಲ. ಲಿಟ್ಮಸ್ ಮುಗಿದುಹೋಗಿದ್ದರೆ ಅರಿಶಿನದ ನೀರಿನಲ್ಲಿ ಅದ್ದಿ ಒಣಗಿಸಿದ ಸೋಸುಕಾಗದದ ಚೂರನ್ನು ಒದ್ದೆ ಮಾಡಿ ಹಿಡಿಯಬಹುದು, ಅದು ಹಳದಿಯಿಂದ ಕೆಂಗಂದಿಗೆ ತಿರುಗುತ್ತದೆ. ಕಲಾಯಿ ಹಾಕುವವರು ಬಳಸುವ ನವಸಾಗರ, ಅಂದರೆ ಅಮೋನಿಯಂ ಕ್ಲೋರೈಡನ್ನು ಎಲೆ ಅಡಿಕೆಯ ಸುಣ್ಣದೊಂದಿಗೆ ಕಡಲೆಕಾಳಿನಷ್ಟು ಬೆರೆಸಿದರೆ ಸಾಕು, ಕಾಯಿಸದೆಯೇ ಈ ಬದಲಾವಣೆ ಕಾಣುತ್ತದೆ. ಎಚ್ಚರ ವಹಿಸಬೇಕಾದದ್ದು ಒಂದೇ ಕಡೆ. ಪ್ರನಾಳದ ಬಾಯಿಗೆ ಸುಣ್ಣ ಮೆತ್ತಿದ್ದು ಕಾಗದ ಅದಕ್ಕೆ ತಾಗಿದರೆ, ಅಮೋನಿಯಾ ಇಲ್ಲದೆಯೂ ಕಾಗದ ನೀಲಿಯಾಗುತ್ತದೆ. ಅನಿಲದಿಂದ ಬಂದ ಬಣ್ಣ ಕಾಗದದ ತುಂಬ ಹರಡಿರುತ್ತದೆ, ತಾಗಿದ್ದರಿಂದ ಬಂದದ್ದು ತಾಗಿದ ಜಾಗದಲ್ಲಿಯೇ ಕಲೆಯಂತೆ ನಿಲ್ಲುತ್ತದೆ.

ಸುಣ್ಣದ ತಿಳಿನೀರಿನ ಪರೀಕ್ಷೆ ಚೆನ್ನಾಗಿಯೇ ಇದೆ, ಆದರೆ ಅದು ಕೈಕೊಡುವ ಬಗೆಗಳು ಹೆಚ್ಚು. ತಿಳಿನೀರನ್ನು ಮನೆಯಲ್ಲಿಯೇ ಮಾಡಿಕೊಳ್ಳಬಹುದು. ಬೀಡಾ ಅಂಗಡಿಯ ಸುಣ್ಣ ಒಂದು ಚಮಚದಷ್ಟನ್ನು ಒಂದು ಲೀಟರ್ ನೀರಿಗೆ ಹಾಕಿ, ಚೆನ್ನಾಗಿ ಕುಲುಕಿ, ಬಾಟಲಿಯ ಬಾಯಿ ಮುಚ್ಚಿ ರಾತ್ರಿಯಿಡೀ ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಅಲುಗಿಸದೆ ಬಸಿದುಕೊಳ್ಳಬೇಕು. ಬೆಂಗಳೂರಿನ ಅನೇಕ ಬಡಾವಣೆಗಳಲ್ಲಿ ಬಳಕೆಗೆ ಬರುವುದು ಬೋರ್‌ವೆಲ್ಲಿನ ಗಡಸು ನೀರು. ಅದರಲ್ಲಿ ಮೊದಲೇ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬನೇಟು ಸುಣ್ಣದೊಂದಿಗೆ ಸೇರಿ ಕ್ಯಾಲ್ಸಿಯಂ ಕಾರ್ಬನೇಟಾಗುವುದರಿಂದ, ಅನಿಲ ಸೋಕದೆಯೇ ಬಾಟಲಿ ಹಾಲಿನಂತಾಗುತ್ತದೆ. ಅದು ತಳಕ್ಕೆ ಕೂರುವವರೆಗೆ ಕಾದರೆ ತೊಂದರೆಯಿಲ್ಲ. ಅವಸರದಲ್ಲಿ ಬಸಿದವರು, ಇಲ್ಲವೇ ಸಿದ್ಧವಾದ ತಿಳಿನೀರಿಗೆ ಕೊಳಾಯಿಯ ನೀರು ಸೇರಿಸಿ ಹೆಚ್ಚಿಸಿಕೊಂಡವರು ಮೋಸಹೋಗುತ್ತಾರೆ. ಭಟ್ಟಿ ಇಳಿಸಿದ ನೀರು ಸಿಕ್ಕಿದರೆ ಒಳ್ಳೆಯದು.

ಮೋಸ ಇನ್ನೊಂದು ದಿಕ್ಕಿನಿಂದಲೂ ಬರುತ್ತದೆ. ಅನಿಲ ಹಾಯಿಸುತ್ತಲೇ ಹೋದರೆ ಮೊದಲು ಮೂಡಿದ ಬಿಳುಪು ಮಾಯವಾಗಿ ನೀರು ಮತ್ತೆ ತಿಳಿಯಾಗುತ್ತದೆ, ಏಕೆಂದರೆ ಕರಗದ ಕಾರ್ಬನೇಟು ಹೆಚ್ಚಿನ ಅನಿಲದೊಂದಿಗೆ ಕರಗುವ ಬೈಕಾರ್ಬನೇಟಾಗುತ್ತದೆ. ಆಮ್ಲದ ಹನಿಗಳು ನೊರೆಯೊಂದಿಗೆ ನಳಿಕೆ ದಾಟಿ ಬಂದರೂ ಬಿಳುಪು ಕರಗಿಹೋಗುತ್ತದೆ. ಎರಡನ್ನೂ ಬೇರೆ ಮಾಡಿ ನೋಡಬೇಕಾದರೆ ತಿಳಿಯಾದ ನೀರನ್ನು ಕುದಿಸಿ. ಬೈಕಾರ್ಬನೇಟಾಗಿದ್ದರೆ ಬಿಳುಪು ಮರಳಿ ಬರುತ್ತದೆ, ಆಮ್ಲ ಬಿದ್ದಿದ್ದರೆ ಬರುವುದಿಲ್ಲ. ತಿಳಿನೀರನ್ನು ಗಂಧಕದ ಡೈಆಕ್ಸೈಡ್ ಕೂಡ ಬೆಳ್ಳಗಾಗಿಸುತ್ತದೆ, ಆದರೆ ಅದರ ಉಸಿರುಗಟ್ಟಿಸುವ ಘಾಟು ಅದನ್ನು ಬೇರೆಯಾಗಿ ತೋರಿಸುತ್ತದೆ. ಕಡ್ಡಿ ಆರಿತೆಂಬುದನ್ನು ಮಾತ್ರ ಇಂಗಾಲದ ಡೈಆಕ್ಸೈಡಿನ ಗುರುತೆಂದು ಎಂದಿಗೂ ಬರೆಯಬಾರದು, ಸಾರಜನಕದಲ್ಲಿಯೂ ಕಡ್ಡಿ ಹಾಗೆಯೇ ಆರುತ್ತದೆ.

ಆಮ್ಲಜನಕದ ಪರೀಕ್ಷೆಯಲ್ಲಿ ಕಡ್ಡಿಯೇ ಮುಖ್ಯ. ಬೆಂಕಿಕಡ್ಡಿಯ ಕೆಂಡ ಬೇಗ ಸಾಯುತ್ತದೆ. ಅಗರಬತ್ತಿಯ ಹಿಡಿಯ ಕಡೆಯ, ಮಸಾಲೆ ಮೆತ್ತದ ಬಿದಿರಿನ ಭಾಗವನ್ನು ಹೊತ್ತಿಸಿ ಆರಿಸಿದರೆ ಕೆಂಡ ಸಾಕಷ್ಟು ಹೊತ್ತು ನಿಲ್ಲುತ್ತದೆ. ಔಷಧದ ಅಂಗಡಿಯಲ್ಲಿ ಸಿಗುವ ಶೇಕಡಾ 6ರ ಹೈಡ್ರೋಜನ್ ಪೆರಾಕ್ಸೈಡ್ 10 ಮಿಲಿಲೀಟರಿಗೆ ಚಿಟಿಕೆ ಮ್ಯಾಂಗನೀಸ್ ಡೈಆಕ್ಸೈಡ್ ಹಾಕಿದರೆ ಇಂಥ ಹತ್ತು ಪ್ರನಾಳಗಳಿಗೆ ಸಾಕಾಗುವಷ್ಟು ಆಮ್ಲಜನಕ ಸಿಗುತ್ತದೆ. ನೈಟ್ರಸ್ ಆಕ್ಸೈಡ್ ಕೂಡ ಕೆಂಡವನ್ನು ಹೊತ್ತಿಸುತ್ತದೆ ಎಂಬುದನ್ನು ನೆನಪಿನಲ್ಲಿಡಬೇಕು, ಆದರೆ ಈ ವಸ್ತುಗಳಿಂದ ಅದು ಹುಟ್ಟುವುದಿಲ್ಲ.

ಒಂದು ಪ್ರಸಂಗ: ತಿಳಿನೀರೂ ಬೆಳ್ಳಗಾಯಿತು, ಸದ್ದೂ ಬಂತು

ಒಮ್ಮೆ ಹತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳಿಗೆ ಹೆಸರು ಹೇಳದೆ ಬೂದುಬಣ್ಣದ ಲೋಹದ ಚೂರುಗಳನ್ನೂ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲವನ್ನೂ ಕೊಟ್ಟು, ಬರುವ ಅನಿಲ ಯಾವುದೆಂದು ಹೇಳಲು ತಿಳಿಸಿದ್ದೆ. ಅವಳು ನಳಿಕೆಯನ್ನು ನೇರವಾಗಿ ತಿಳಿನೀರಿಗೆ ಇಳಿಸಿದಳು. ಅರೆನಿಮಿಷದಲ್ಲಿ ನೀರಿಗೆ ತೆಳುವಾದ ಮಂಜು ಕವಿದಂತಾಯಿತು. "ಸರ್, ಇದು ಇಂಗಾಲದ ಡೈಆಕ್ಸೈಡ್" ಎಂದು ಬರೆದುಕೊಂಡು ಬಂದಳು. ಪಕ್ಕದ ಗುಂಪು ಅದೇ ಚೂರುಗಳಿಂದ ಬಂದ ಅನಿಲವನ್ನು ನೀರಿನ ಮೇಲೆ ಹಿಡಿದು, ಮೂರನೆಯ ಪ್ರನಾಳದಲ್ಲಿ ಜೋರು ಸದ್ದು ಕೇಳಿ ಜಲಜನಕವೆಂದು ಬರೆದಿತ್ತು.

ಇಬ್ಬರು ಕಂಡದ್ದೂ ನಿಜವಾಗಿತ್ತು. "ಮಂಜು ಎಷ್ಟು ಹೊತ್ತಿನವರೆಗೆ ಹೆಚ್ಚುತ್ತಾ ಹೋಯಿತಮ್ಮಾ?" ಎಂದು ಕೇಳಿದೆ. ಸ್ವಲ್ಪ ಯೋಚಿಸಿ, "ಮೊದಲು ಬಂದಷ್ಟೇ ಸರ್, ಆಮೇಲೆ ಗುಳ್ಳೆ ಜೋರಾದರೂ ಅದು ಹೆಚ್ಚಲಿಲ್ಲ" ಎಂದಳು. ಅನಿಲವೆಲ್ಲ ಇಂಗಾಲದ ಡೈಆಕ್ಸೈಡೇ ಆಗಿದ್ದರೆ ಅಷ್ಟು ಗುಳ್ಳೆಗಳಿಗೆ ನೀರು ಹಾಲಿನಂತಾಗಿ, ಮತ್ತೂ ಬಿಟ್ಟಿದ್ದರೆ ತಿಳಿಯಾಗಬೇಕಿತ್ತು. ಚೂರುಗಳನ್ನು ಬೆಳಕಿಗೆ ಹಿಡಿದು ನೋಡಿದಾಗ ಅಂಚುಗಳಲ್ಲಿ ಬೂಷ್ಟಿನಂಥ ಬಿಳಿಯ ಪುಡಿ ಕಾಣಿಸಿತು. ಸತು ತೇವದ ಗಾಳಿಯಲ್ಲಿ ಬಹಳ ಕಾಲ ಇದ್ದರೆ ಮೇಲ್ಮೈಯಲ್ಲಿ ಕಾರ್ಬನೇಟಿನ ಪೊರೆ ಬೆಳೆಯುತ್ತದೆ, ಆಮ್ಲ ಮೊದಲು ತಿನ್ನುವುದು ಆ ಪೊರೆಯನ್ನೇ. ಹೀಗಾಗಿ ಮೊದಲ ಗುಳ್ಳೆಗಳಲ್ಲಿ ಒಂದಿಷ್ಟು ಇಂಗಾಲದ ಡೈಆಕ್ಸೈಡ್, ಆಮೇಲಿನದೆಲ್ಲ ಜಲಜನಕ.

ಅವಳು ಚೂರುಗಳನ್ನು ಆಮ್ಲದಲ್ಲಿ ಒಂದು ನಿಮಿಷ ಅದ್ದಿ, ಪೊರೆ ಹೋಗಿ ಲೋಹ ಹೊಳೆಯತೊಡಗಿದ ಮೇಲೆ ನೀರಿನಲ್ಲಿ ತೊಳೆದು, ಹೊಸ ಆಮ್ಲದೊಂದಿಗೆ ಮತ್ತೆ ಪ್ರಾರಂಭಿಸಿದಳು. ಈ ಬಾರಿ ತಿಳಿನೀರು ಕೊನೆಯವರೆಗೂ ತಿಳಿಯಾಗಿಯೇ ಉಳಿಯಿತು. ಅನಂತರ ನಳಿಕೆಯನ್ನು ಬೋಗುಣಿಗೆ ತಿರುಗಿಸಿ ಮೂರು ಪ್ರನಾಳಗಳನ್ನು ಹಿಡಿದು, ಕಿಟಕಿಯ ಹತ್ತಿರ ಪರೀಕ್ಷಿಸಿದಾಗ ಮೂರರಲ್ಲಿಯೂ ಮೆತ್ತನೆಯ 'ಪಟ್' ಕೇಳಿಸಿತು.

ಹೆಸರು ತಿಳಿಯದ ಅನಿಲ ಕೈಗೆ ಬಂದಾಗ ನಾನು ಹೇಳಿಕೊಡುವ ಕ್ರಮ ಈ ಅನುಭವದಿಂದಲೇ ಗಟ್ಟಿಯಾದದ್ದು. ಮೊದಲು ನಳಿಕೆಯ ಬಾಯಿಗೆ ಒದ್ದೆ ಲಿಟ್ಮಸ್ ಹಿಡಿಯಬೇಕು, ಏಕೆಂದರೆ ಅದು ಅನಿಲವನ್ನು ಖರ್ಚು ಮಾಡುವುದಿಲ್ಲ, ಮತ್ತು ಅಮೋನಿಯಾ ಇದ್ದರೆ ಅದನ್ನು ನೀರಿನತ್ತ ಒಯ್ಯದಂತೆ ಎಚ್ಚರಿಸುತ್ತದೆ. ಲಿಟ್ಮಸ್ ಬದಲಾಗದಿದ್ದರೆ ನಳಿಕೆಯನ್ನು ತಿಳಿನೀರಿಗೆ ಇಳಿಸಿ, ಬಿಳುಪು ಬರುತ್ತದೆಯೇ ಎಂಬುದನ್ನು ಮಾತ್ರವಲ್ಲ, ಗುಳ್ಳೆಗಳೊಂದಿಗೆ ಅದು ಹೆಚ್ಚುತ್ತದೆಯೇ ಎಂಬುದನ್ನೂ ನೋಡಬೇಕು. ಆಮೇಲೆ ನೀರಿನ ಮೇಲೆ ಆರು ಪ್ರನಾಳಗಳನ್ನು ಹಿಡಿದು, ಸಂಖ್ಯೆ ಬರೆದು, ಐದನೆಯದಕ್ಕೆ ಕೆಂಡದ ಕಡ್ಡಿಯನ್ನೂ ಆರನೆಯದಕ್ಕೆ ಉರಿಯುವ ಕಡ್ಡಿಯನ್ನೂ ತೋರಿಸಬೇಕು. ಎರಡಕ್ಕೂ ಒಂದೇ ಪ್ರನಾಳವನ್ನು ಬಳಸಬಾರದು, ಮೊದಲ ಕಡ್ಡಿ ಒಳಹೋದಾಗಲೇ ಗಾಳಿಯೂ ಒಳಹೊಕ್ಕಿರುತ್ತದೆ. ಜಲಜನಕವಿದೆಯೆಂದು ಅನುಮಾನವಿದ್ದರೆ ಪ್ರನಾಳವನ್ನು ತಲೆಕೆಳಗಾಗಿಯೇ ಉರಿಯ ಬಳಿಗೆ ಒಯ್ಯಬೇಕು. ಬಾಯಿ ಮೇಲೆ ಮಾಡಿ ಹಿಡಿದರೆ ಕಡ್ಡಿ ಹಚ್ಚುವಷ್ಟರಲ್ಲಿ ಅದು ಮೇಲೇರಿ ಹೊರಟುಹೋಗಿರುತ್ತದೆ.